ಕೆಲಸ ಹುಡುಕಾಟಕ್ಕೆ ವಾರಕ್ಕೆ 20 ಗಂಟೆ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ ಸುತ್ತಮುತ್ತ ಕೆಲಸವಿಲ್ಲದೆ ಅಲೆಯುತ್ತಿದ್ದ ಯುವಕ ಯುವತಿಯರ ನಡುವೆ ಅರ್ಥಶಾಸ್ತ್ರಜ್ಞರ ತಂಡವೊಂದು ಪ್ರಯೋಗ ನಡೆಸಿತು. ಒಂದು ಗುಂಪಿಗೆ ಕೆಲಸ ಹುಡುಕುವ ಬಗೆ ಹೇಳಿಕೊಡುವ ಕಾರ್ಯಾಗಾರ. ಇನ್ನೊಂದು ಗುಂಪಿಗೆ ಅದೇ ಕಾರ್ಯಾಗಾರದ ಜೊತೆಗೆ ಒಂದು ಹಾಳೆ. ಯಾವ ದಿನ, ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಕೆಲಸ ಹುಡುಕುತ್ತೀರಿ ಎಂಬುದನ್ನು ಅದರಲ್ಲಿ ಅವರೇ ತುಂಬಬೇಕಿತ್ತು. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಾಳೆ ತುಂಬಿದವರು ಹುಡುಕಾಟಕ್ಕೆ ಹೆಚ್ಚು ಸಮಯ ಕೊಟ್ಟಿರಲಿಲ್ಲ. ಆದರೂ ಅವರು ಹಾಕಿದ ಅರ್ಜಿಗಳು ಶೇ 15ರಷ್ಟು ಹೆಚ್ಚಿದ್ದವು, ಬಂದ ಆಫರ್‌ಗಳು ಶೇ 30ರಷ್ಟು ಹೆಚ್ಚಿದ್ದವು, ಕೆಲಸಕ್ಕೆ ಸೇರಿದವರು ಶೇ 26ರಷ್ಟು ಹೆಚ್ಚಿದ್ದರು. ಕೆಲವರಿಗೆ ವಾರವಾರವೂ ನೆನಪಿನ ಮೆಸೇಜ್‌ ಕಳಿಸಿ ನೋಡಿದರು, ಇನ್ನು ಕೆಲವರಿಗೆ ಜೊತೆಗಾರರನ್ನು ಗೊತ್ತುಮಾಡಿ ನೋಡಿದರು. ಅದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ.

ಇದರ ಜೊತೆಗಿಟ್ಟು ಓದಬೇಕಾದ ಇನ್ನೊಂದು ಅಧ್ಯಯನ ಅಮೆರಿಕದ ನ್ಯೂಜೆರ್ಸಿಯದು. ಅಲ್ಲಿ ಅಲನ್‌ ಕ್ರೂಗರ್‌ ಮತ್ತು ಆಂಡ್ರಿಯಾಸ್‌ ಮುಲ್ಲರ್‌ 2009ರ ಕೊನೆಯಿಂದ 6,025 ನಿರುದ್ಯೋಗಿಗಳನ್ನು ವಾರಕ್ಕೊಮ್ಮೆ ಮಾತನಾಡಿಸುತ್ತ ಹೋದರು. ಕೆಲವರನ್ನು 24 ವಾರಗಳವರೆಗೂ ಹಿಂಬಾಲಿಸಿದರು. ವಾರಗಳು ಉರುಳಿದಂತೆ ಹುಡುಕಾಟಕ್ಕೆ ಕೊಡುವ ಸಮಯ ಇಳಿಯುತ್ತಲೇ ಹೋಯಿತು. ದಿನದ ಬೇರೆ ಹೊತ್ತಿಗಿಂತ ಕೆಲಸ ಹುಡುಕುವ ಹೊತ್ತಿನಲ್ಲಿ ಜನ ಹೆಚ್ಚು ಕುಗ್ಗಿರುತ್ತಿದ್ದರು, ದಿನ ಕಳೆದಂತೆ ಆ ಕುಗ್ಗುವಿಕೆ ಬೆಳೆಯುತ್ತಿತ್ತು. ಹುಡುಕುವುದೇ ನೋವಿನ ಕೆಲಸವಾಗಿಬಿಟ್ಟರೆ ಮನಸ್ಸು ಅದನ್ನು ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತದೆ. ಆರು ತಿಂಗಳು ಎಳೆಯಬಹುದಾದ ಹುಡುಕಾಟವನ್ನು ಮೊದಲ ವಾರದಲ್ಲೇ ದಿನಕ್ಕೆ ಹತ್ತು ಗಂಟೆಯಂತೆ ಶುರುಮಾಡುವವರು ಸೋಲುವುದು ಇಲ್ಲೇ. ದಿನಕ್ಕೆ ಕನಿಷ್ಠ ಇಷ್ಟು ಕೆಲಸ ಎಂದು ಎಲ್ಲರೂ ಗೊತ್ತುಮಾಡಿಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚು ಮಾಡುವುದಿಲ್ಲ ಎಂಬ ಮಿತಿಯನ್ನು ಹಾಕಿಕೊಳ್ಳುವವರು ಕಡಿಮೆ.

ಆ ಮಿತಿ ಹೇಗಿರಬೇಕು ಎಂದು ನೋಡಲು ಬೆಂಗಳೂರಿನ ಪೀಣ್ಯದಿಂದ ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮೆಕ್ಯಾನಿಕಲ್‌ ಡಿಪ್ಲೊಮಾ ಓದಿದ 36ರ ಹರೆಯದ ಕ್ವಾಲಿಟಿ ಎಂಜಿನಿಯರ್‌. ವಾಹನದ ಬಿಡಿಭಾಗ ಮಾಡುವ ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ದುಡಿದಿದ್ದಾರೆ. ದೊಡ್ಡ ಆರ್ಡರ್‌ ಒಂದು ಕೈತಪ್ಪಿ ಕಾರ್ಖಾನೆ ಒಂದು ಪಾಳಿಯನ್ನೇ ನಿಲ್ಲಿಸಿದಾಗ ಕೆಲಸ ಹೋಯಿತು. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್‌, ಮಗಳು ನಾಲ್ಕನೇ ತರಗತಿ, ಲಗ್ಗೆರೆಯಲ್ಲಿ ಬಾಡಿಗೆ ಮನೆ. ಅವರ ಹೆಸರು ಇಲ್ಲಿ ಬೇಕಾಗಿಲ್ಲ, ಆ ಕೈಗಾರಿಕಾ ಪ್ರದೇಶದ ಬೀದಿಗಳಲ್ಲಿ ಇಂಥವರು ಹಲವರು.

ಮೊದಲ ನಾಲ್ಕು ವಾರ ಅವರಿಗೆ ದಿನಚರಿಯೇ ಇರಲಿಲ್ಲ. ಎದ್ದ ಕೂಡಲೇ ಮೊಬೈಲ್‌, ನೌಕ್ರಿ ಆ್ಯಪ್‌, ಕಂಡದ್ದಕ್ಕೆಲ್ಲ ಅಪ್ಲೈ. ಸಂಜೆಗೆ ಮತ್ತೆ ಅದೇ, ರಾತ್ರಿ ಹನ್ನೊಂದಕ್ಕೂ ಅದೇ. 140 ಅರ್ಜಿ ಹೋದವು, ಬಂದದ್ದು ಎರಡು ಕರೆ. ಎರಡೂ ಕನ್ಸಲ್ಟೆನ್ಸಿಯವರದು, ಅದರಲ್ಲೊಬ್ಬರು ನೋಂದಣಿಗೆ ಹಣ ಕೇಳಿದರು. ಊರಿನಿಂದ ತಾಯಿ ದಿನಾ ಸಂಜೆ ಫೋನ್‌ ಮಾಡಿ, ‘ಏನಾಯ್ತು ಮಗಾ?’ ಎಂದು ಕೇಳುತ್ತಿದ್ದರು. ನಾಲ್ಕನೇ ವಾರಕ್ಕೆ ಆ ಕರೆ ಎತ್ತುವುದೇ ಕಷ್ಟವಾಯಿತು.

ಐದನೇ ವಾರ ಅವರೂ ದಕ್ಷಿಣ ಆಫ್ರಿಕಾದವರಂತೆ ಒಂದು ಹಾಳೆ ಬರೆದರು. ವಾರಕ್ಕೆ 20 ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಇದು ಎಲ್ಲರಿಗೂ ಹೊಂದುವ ಸಂಖ್ಯೆಯಲ್ಲ. ಪುಟ್ಟ ಮಗುವಿರುವ ತಾಯಿಗೆ ಹನ್ನೆರಡು ಗಂಟೆ ಸಿಕ್ಕರೆ ಅದೇ ದೊಡ್ಡದು. ಸಂಖ್ಯೆ ಯಾವುದಾದರೂ ಇರಲಿ, ಅದನ್ನು ಸೋಮವಾರಕ್ಕೆ ಮೊದಲೇ ನಿಶ್ಚಯಿಸಿರಬೇಕು. ಗಂಟೆ ಮುಗಿದಾಗ ಲ್ಯಾಪ್‌ಟಾಪ್‌ ಮುಚ್ಚಬೇಕು.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆವರೆಗೆ ಬರೀ ಆಯ್ಕೆ. ಪೋರ್ಟಲ್‌ಗಳು, ಕೈಗಾರಿಕಾ ಪ್ರದೇಶದ ವಾಟ್ಸ್‌ಆ್ಯಪ್‌ ಗುಂಪುಗಳು, ಗೇಟಿನ ಮುಂದೆ ಯಾರೋ ಫೋಟೊ ತೆಗೆದು ಹಾಕಿದ ‘ಬೇಕಾಗಿದ್ದಾರೆ’ ಬೋರ್ಡುಗಳು, ಎಲ್ಲವನ್ನೂ ನೋಡಿ ಆರನ್ನು ಆರಿಸುವುದು. ಅಂದು ಯಾವುದಕ್ಕೂ ಅರ್ಜಿ ಹಾಕುವುದಿಲ್ಲ. ಆರಿಸುವುದು ಮತ್ತು ಹಾಕುವುದು ಬೇರೆಬೇರೆ ದಿನ ನಡೆದರೆ ಕಂಡದ್ದಕ್ಕೆಲ್ಲ ಬೆರಳೊತ್ತುವ ಚಟ ತಾನಾಗಿ ನಿಲ್ಲುತ್ತದೆ. ಆರಿಸುವಾಗ ಪ್ರತಿ ಹುದ್ದೆಗೂ ಒಂದೇ ಪ್ರಶ್ನೆ: ಅವರು ಕೇಳಿದ ಮುಖ್ಯ ಮೂರು ಕೆಲಸಗಳಲ್ಲಿ ಎರಡನ್ನಾದರೂ ತಾನು ಕೈಯಾರೆ ಮಾಡಿದ್ದೇನೆಯೇ? ಉತ್ತರ ಇಲ್ಲವೆಂದಾದರೆ ಮುಂದಿನದು.

ಮಂಗಳವಾರ ಮತ್ತು ಬುಧವಾರ ಬೆಳಿಗ್ಗೆ ದಿನಕ್ಕೆ ಮೂರು ಗಂಟೆ, ಮೂರು ಅರ್ಜಿ. ಪ್ರತಿ ಅರ್ಜಿಗೂ ರೆಸ್ಯೂಮೆಯ ಮೇಲಿನ ಅರ್ಧ ಪುಟ ಬದಲಾಗುತ್ತದೆ, ಕೆಳಗಿನದು ಹಾಗೇ ಉಳಿಯುತ್ತದೆ. ಅವರ ಹಳೆಯ ರೆಸ್ಯೂಮೆಯಲ್ಲಿ ‘ಒಳಬರುವ ಮಾಲಿನ ತಪಾಸಣೆ, ಗ್ರಾಹಕರ ದೂರು ನಿರ್ವಹಣೆ’ ಎಂದಿತ್ತು. ಹೊಸದರಲ್ಲಿ ಯಾವ ಭಾಗ, ಎಂಥ ದೋಷ, ಕಾರಣ ಹೇಗೆ ಪತ್ತೆಯಾಯಿತು, ಆಮೇಲೆ ದೂರು ಎಷ್ಟು ಇಳಿಯಿತು ಎಂಬುದು ನಾಲ್ಕು ಸಾಲಿನಲ್ಲಿದೆ. ಕೋಆರ್ಡಿನೇಟ್‌ ಮೆಷರಿಂಗ್‌ ಮೆಷಿನ್‌, ಅಂದರೆ ಸಿಎಂಎಂ, ನಡೆಸಬಲ್ಲವರು ಬೇಕೆಂದ ಕಡೆಗೆ ಆ ಅನುಭವವೇ ಮೊದಲ ಸಾಲು. ಕೂಡಲೇ ಸೇರಬಲ್ಲೆ ಎಂಬುದೂ ಮೇಲೆಯೇ ಇರುತ್ತದೆ. ಎರಡು ಮೂರು ತಿಂಗಳ ನೋಟಿಸ್‌ ಪೀರಿಯಡ್‌ ಸಾಮಾನ್ಯವಾಗಿರುವ ಕಡೆ ಕೆಲಸ ಕಳೆದುಕೊಂಡವರಿಗಿರುವ ಒಂದೇ ಅನುಕೂಲ ಅದು. ಅದನ್ನು ಮುಚ್ಚಿಡಬಾರದು.

ಅದೇ ಎರಡು ದಿನ ಸಂಜೆ ನಾಲ್ಕರಿಂದ ಐದರವರೆಗೆ ಫೋನ್‌ ಕರೆ. ಇಡೀ ವಾರದಲ್ಲಿ ಜನ ಮೊದಲು ಕೈಬಿಡುವ ಕೆಲಸ ಇದು, ಹೆಚ್ಚು ಫಲ ಕೊಡುವುದೂ ಇದೇ. ಸಮಾಜಶಾಸ್ತ್ರಜ್ಞ ಮಾರ್ಕ್‌ ಗ್ರನೊವೆಟರ್‌ 1974ರ ತಮ್ಮ ಪುಸ್ತಕದಲ್ಲಿ ಬಾಸ್ಟನ್‌ ಬಳಿಯ ನ್ಯೂಟನ್‌ ಪಟ್ಟಣದ ನೌಕರರು ಕೆಲಸ ಹಿಡಿದ ಬಗೆಯನ್ನು ಬಿಡಿಸಿಟ್ಟರು. ಪರಿಚಯದ ಮೂಲಕ ಕೆಲಸ ಸಿಕ್ಕವರಲ್ಲಿ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ಆರರಲ್ಲಿ ಒಂದು ಪಾಲು ಮಾತ್ರ. ಉಳಿದವರಿಗೆ ಸುದ್ದಿ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣುವ ಜನ. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರ ಓಡಾಟ ಬೇರೆ.

ಪೀಣ್ಯದ ಲೆಕ್ಕದಲ್ಲಿ ಆ ದೂರದವರು ಯಾರು? ಕಾರ್ಖಾನೆಯ ಗೇಜು, ಮೈಕ್ರೋಮೀಟರುಗಳನ್ನು ಕ್ಯಾಲಿಬ್ರೇಷನ್‌ಗೆ ಒಯ್ಯಲು ಬರುತ್ತಿದ್ದ ಲ್ಯಾಬಿನ ಹುಡುಗ. ಅವನು ವಾರಕ್ಕೆ ಹತ್ತಾರು ಕಾರ್ಖಾನೆಗಳ ಕ್ವಾಲಿಟಿ ರೂಮಿಗೆ ಹೋಗಿಬರುತ್ತಾನೆ. ಯಾರು ಬಿಟ್ಟರು, ಎಲ್ಲಿ ಹೊಸ ಸಿಎಂಎಂ ಬರುತ್ತಿದೆ ಎಂಬುದು ಎಚ್‌ಆರ್‌ ಜಾಹೀರಾತು ಬರೆಯುವ ಮೊದಲೇ ಅವನಿಗೆ ಗೊತ್ತಿರುತ್ತದೆ. ಮೆಷಿನ್‌ ಬಂದರೆ ಅದನ್ನು ನಡೆಸುವವರೂ ಬೇಕಲ್ಲ. ಗ್ರಾಹಕ ಕಂಪನಿಯಿಂದ ಆಡಿಟ್‌ಗೆ ಬರುತ್ತಿದ್ದ ಎಂಜಿನಿಯರ್‌, ಪ್ಲೇಟಿಂಗ್‌ ಮಾಡಿಕೊಡುತ್ತಿದ್ದ ಸಣ್ಣ ಘಟಕದ ಮಾಲೀಕ, ಟೂಲ್ಸ್‌ ಮಾರುವವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ನಮ್ಮ ಕ್ವಾಲಿಟಿ ಎಂಜಿನಿಯರ್‌ ಇಂಥ 40 ಹೆಸರು ಬರೆದಿಟ್ಟುಕೊಂಡರು. ದಿನಕ್ಕೆ ಇಬ್ಬರಂತೆ ವಾರಕ್ಕೆ ನಾಲ್ಕು ಕರೆ, ಪಟ್ಟಿ ಹತ್ತು ವಾರಕ್ಕೆ ಸಾಕು.

ಕರೆಗೂ ಹೊತ್ತು ಗೊತ್ತು ಇದೆ. ಬೆಳಿಗ್ಗೆ ಪ್ರೊಡಕ್ಷನ್‌ ಮೀಟಿಂಗ್‌ ಇರುತ್ತದೆ, ಪಾಳಿ ಬದಲಾಗುವಾಗ ಯಾರೂ ಸಿಗುವುದಿಲ್ಲ. ತಿಂಗಳ ಕೊನೆಯ ಮೂರ್ನಾಲ್ಕು ದಿನ ಡಿಸ್ಪ್ಯಾಚ್‌ ಒತ್ತಡದಲ್ಲಿ ಕ್ವಾಲಿಟಿಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಆ ದಿನಗಳಲ್ಲಿ ಕರೆ ಮಾಡಿ ಸಿಡುಕಿನ ಉತ್ತರ ಕೇಳಿಸಿಕೊಂಡು ಮನಸ್ಸು ಮುರಿದುಕೊಳ್ಳುವುದಕ್ಕಿಂತ ಅವನ್ನು ಮುಂದಿನ ತಿಂಗಳ ಮೊದಲ ವಾರಕ್ಕೆ ತಳ್ಳುವುದು ಲೇಸು. ಏನು ಕೇಳಬೇಕು ಎಂಬುದೂ ಮುಖ್ಯ. ‘ಎಲ್ಲಾದ್ರೂ ಕೆಲಸ ಇದ್ರೆ ಹೇಳಿ ಸಾರ್‌’ ಎಂದರೆ ‘ನೋಡೋಣ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ದಾಬಸ್‌ಪೇಟೆ ಕಡೆ ಯಾರಾದ್ರೂ ಸಿಎಂಎಂ ಹಾಕಿಸ್ತಿದ್ದಾರಾ ಸಾರ್‌? ಕ್ವಾಲಿಟಿ ಹೆಡ್‌ ಯಾರು ಗೊತ್ತಾ?’ ಎಂದು ಕೇಳಿದರೆ ಎದುರಿನವರು ಸಹಾಯ ಮಾಡುವುದು ಸುಲಭ. ಅವರು ಕೊಡಬೇಕಾದದ್ದು ಒಂದು ಹೆಸರು ಅಷ್ಟೇ.

ಗುರುವಾರದ ನಾಲ್ಕು ಗಂಟೆ ಕೈ ತುಕ್ಕು ಹಿಡಿಯದಂತೆ ನೋಡಿಕೊಳ್ಳುವುದಕ್ಕೆ. ಮೂರು ತಿಂಗಳು ಶಾಪ್‌ಫ್ಲೋರ್‌ ಮುಟ್ಟದವರಿಗೆ ಇಂಟರ್‌ವ್ಯೂನಲ್ಲಿ ಡ್ರಾಯಿಂಗ್‌ ಕೈಗಿಟ್ಟಾಗ ಬಾಯಿ ಕಟ್ಟುತ್ತದೆ. 25 ಮಿ.ಮೀ. ಶಾಫ್ಟ್‌, ಟಾಲರೆನ್ಸ್‌ ಎಚ್‌7 (ಸಣ್ಣ ಅಕ್ಷರದ್ದು), ಇದನ್ನು ಯಾವುದರಲ್ಲಿ ಅಳೆಯುತ್ತೀರಿ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಅಳತೆ 24.979ರಿಂದ 25.000 ಮಿ.ಮೀ. ಒಳಗಿರಬೇಕು, ಅಂದರೆ ಒಟ್ಟು ಅವಕಾಶ 0.021. ಮೇಜಿನ ಮೇಲಿರುವ ವರ್ನಿಯರ್‌ನ ಲೀಸ್ಟ್‌ ಕೌಂಟ್‌ 0.02. ಅದರಲ್ಲಿ ಅಳೆದರೆ ಕೆಟ್ಟ ಭಾಗವೂ ಒಳ್ಳೆಯದೆಂದು ಹೋಗಿಬಿಡಬಹುದು, ಇಲ್ಲಿ ಸೂಕ್ಷ್ಮ ಮೈಕ್ರೋಮೀಟರೇ ಬೇಕು. ಕೆಲಸದಲ್ಲಿದ್ದಾಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ಉತ್ತರ ಇದು. ಹಾಗಾಗಿ ಗುರುವಾರ ಒಂದು ಹಳೆಯ ಡ್ರಾಯಿಂಗ್‌ ಓದುವುದು, ತಾವೇ ಬಗೆಹರಿಸಿದ ಒಂದು ಗ್ರಾಹಕ ದೂರನ್ನು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಹೇಳಿ ಮೊಬೈಲ್‌ನಲ್ಲಿ ರೆಕಾರ್ಡ್‌ ಮಾಡಿ ಕೇಳುವುದು. ಮೂರು ನಿಮಿಷದೊಳಗೆ ಮುಗಿಯದಿದ್ದರೆ ಮತ್ತೊಮ್ಮೆ.

ಶುಕ್ರವಾರ ಮನೆಯಿಂದ ಹೊರಗೆ. ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಒಂದು ಕೈಗಾರಿಕಾ ಪ್ರದೇಶ: ಒಂದು ವಾರ ಪೀಣ್ಯ, ಮುಂದಿನ ವಾರ ದಾಬಸ್‌ಪೇಟೆ, ಅದರ ಮುಂದಿನ ವಾರ ಬೊಮ್ಮಸಂದ್ರ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಬೊಮ್ಮಸಂದ್ರಕ್ಕೆ ಹೋಗಿಬರುವುದು ಇಡೀ ದಿನದ ಕೆಲಸವಾಗಿ ಉಳಿದಿಲ್ಲ. ಫೋನಿನಲ್ಲಿ ಸಿಕ್ಕ ಹೆಸರಿನವರನ್ನು ಕಾಣುವುದು, ಗೇಟಿನಲ್ಲಿ ರೆಸ್ಯೂಮೆ ಕೊಡುವುದು, ಪರಿಚಯದವರ ಜೊತೆ ಟೀ ಕುಡಿಯುವುದು. ಅಲ್ಲಿ ಏನೂ ಸಿಗದ ವಾರಗಳೇ ಹೆಚ್ಚು. ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಡುವ ಒಂದು ದಿನ ವಾರದಲ್ಲಿ ಇರಲೇಬೇಕು ಎನ್ನಲು ಹಳೆಯ ಸಾಕ್ಷ್ಯವಿದೆ.

ಆಸ್ಟ್ರಿಯಾದ ಮರಿಯೆನ್‌ಟಾಲ್‌ ಎಂಬ ಹಳ್ಳಿಯಲ್ಲಿ ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ 1930ರ ಹೊತ್ತಿಗೆ ಮುಚ್ಚಿತು. ಮರೀ ಯಾಹೋಡ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಜನರ ದಿನಗಳನ್ನು ಗಂಟೆಗಂಟೆಗೆ ಬರೆಸಿಕೊಂಡರು, ಬೀದಿಯಲ್ಲಿ ಜನ ನಡೆಯುವ ವೇಗವನ್ನು ಗಡಿಯಾರ ಹಿಡಿದು ಅಳೆದರು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು, ಬೆಳಿಗ್ಗೆಯಿಂದ ಏನು ಮಾಡಿದಿರಿ ಎಂದರೆ ಅವರಿಗೆ ಹೇಳಲು ಏನೂ ತೋಚುತ್ತಿರಲಿಲ್ಲ. ಮನೆಗೆಲಸದ ಹೊಣೆ ಹೊತ್ತ ಹೆಂಗಸರ ನಡಿಗೆ ಅಷ್ಟು ಕುಂದಿರಲಿಲ್ಲ. ಗೊತ್ತುಪಾಡಿಲ್ಲದ ಬಿಡುವು ಮನುಷ್ಯನನ್ನು ಹೇಗೆ ಸವೆಸುತ್ತದೆ ಎಂಬುದಕ್ಕೆ ಇಷ್ಟು ಕಣ್ಣಿಗೆ ಕಟ್ಟುವ ದಾಖಲೆ ಇನ್ನೊಂದಿಲ್ಲ. ಆದ್ದರಿಂದ ಹುಡುಕಾಟದ 20 ಗಂಟೆಯ ಆಚೆಗಿನ ಸಮಯಕ್ಕೂ ಹೆಸರು ಬೇಕು. ಈ ಎಂಜಿನಿಯರ್‌ ಮಗಳನ್ನು ಶಾಲೆಗೆ ಬಿಟ್ಟು ಕರೆತರುವ, ರಾತ್ರಿಯ ಅಡುಗೆ ಮಾಡುವ ಹೊಣೆಯನ್ನು ಪೂರ್ತಿ ತಾವೇ ಹೊತ್ತರು. ಹೆಂಡತಿಗೆ ಅದು ದೊಡ್ಡ ನೆರವಾಯಿತು, ಇವರ ದಿನಕ್ಕೂ ಎರಡು ಗೂಟ ಸಿಕ್ಕವು.

ಶುಕ್ರವಾರ ಸಂಜೆ ನಾಲ್ಕೂವರೆಯಿಂದ ಒಂದು ಗಂಟೆ ಲೆಕ್ಕ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಹಾಕಿದ ಅರ್ಜಿ ಮತ್ತು ಮಾಡಿದ ಕರೆ, ಕಂಪನಿಗಳಿಂದ ಬಂದ ಫೋನ್‌, ನಡೆದ ಇಂಟರ್‌ವ್ಯೂ, ಬಂದ ಆಫರ್‌. ಮೊದಲನೆಯದು ಮಾತ್ರ ತನ್ನ ಕೈಯಲ್ಲಿರುವುದು, ವಾರ ಚೆನ್ನಾಗಿತ್ತೋ ಇಲ್ಲವೋ ಎಂಬ ತೀರ್ಮಾನ ಅದರ ಮೇಲೆ ಮಾತ್ರ. ಉಳಿದ ಮೂರನ್ನು ನಾಲ್ಕು ವಾರಕ್ಕೊಮ್ಮೆ ಕೂಡಿಸಿ ನೋಡುವುದು. ಒಂದು ವಾರದ ಆರು ಅರ್ಜಿಗೆ ಉತ್ತರ ಬಾರದಿದ್ದರೆ ಅದರಿಂದ ಏನನ್ನೂ ತಿಳಿಯಲಾಗದು. 24ಕ್ಕೂ ಬಾರದಿದ್ದರೆ ರೆಸ್ಯೂಮೆಯಲ್ಲೋ ಹುದ್ದೆಯ ಆಯ್ಕೆಯಲ್ಲೋ ದೋಷವಿದೆ. ಫೋನ್‌ ಬರುತ್ತಿದೆ, ಇಂಟರ್‌ವ್ಯೂವರೆಗೆ ಹೋಗುತ್ತಿಲ್ಲ ಎಂದರೆ ಸಂಬಳ ಅಥವಾ ಊರಿನ ಮಾತಿನಲ್ಲಿ ತೊಡಕಿದೆ. ಇಂಟರ್‌ವ್ಯೂ ಆಗಿ ಆಫರ್‌ ಬಾರದಿದ್ದರೆ ಗುರುವಾರದ ಅಭ್ಯಾಸ ಹೆಚ್ಚಬೇಕು.

ನಮ್ಮ ಉದಾಹರಣೆಯಲ್ಲಿ ಎಂಟನೇ ವಾರದ ಕೊನೆಗೆ ಲೆಕ್ಕ ಹೀಗಿತ್ತು: 24 ಅರ್ಜಿ, 16 ಕರೆ, ಐದು ಫೋನ್‌, ಒಂದು ಇಂಟರ್‌ವ್ಯೂ. ಐದರಲ್ಲಿ ಮೂರು ಫೋನ್‌ ‘ಎಷ್ಟು ನಿರೀಕ್ಷೆ?’ ಎಂಬಲ್ಲೇ ನಿಂತಿದ್ದವು. ಹಳೆಯ ಸಂಬಳದ ಮೇಲೆ ಶೇ 20 ಕೇಳುತ್ತಿದ್ದರು. ಕೆಲಸದಲ್ಲಿದ್ದುಕೊಂಡು ಬದಲಾಯಿಸುವಾಗ ಕೇಳುವ ಲೆಕ್ಕ ಅದು. ನ್ಯೂಜೆರ್ಸಿಯಲ್ಲೂ ಇಷ್ಟಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದು ಜನ ಹೇಳಿದ ಸಂಬಳ ವಾರಗಳು ಕಳೆದರೂ ಹೆಚ್ಚೇನೂ ಇಳಿದಿರಲಿಲ್ಲ. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಬರುತ್ತದೆ ಎಂದು ಗಂಡ ಹೆಂಡತಿ ಕೂತು ಲೆಕ್ಕ ಹಾಕಿ, ಯಾವ ತಾರೀಖಿನಿಂದ ಹಳೆಯ ಸಂಬಳಕ್ಕೆ ಒಪ್ಪುವುದು, ಯಾವ ತಾರೀಖಿನಿಂದ ಹೊಸೂರಿಗೂ ಹೋಗಲು ಸಿದ್ಧ ಎಂದು ಮೊದಲೇ ಬರೆದಿಡುವುದು ಇದಕ್ಕೇ. ಸೋತ ದಿನ ರಾತ್ರಿ ತೆಗೆದುಕೊಳ್ಳುವ ತೀರ್ಮಾನ ಒಂದೋ ಹಟದ್ದಾಗಿರುತ್ತದೆ, ಇಲ್ಲವೇ ಭಯದ್ದು.

ಲೆಕ್ಕ ಮುಗಿದ ಮೇಲೆ ಊರಿಗೆ ಫೋನ್‌. ‘ಅಮ್ಮಾ, ಇನ್ಮೇಲೆ ಶುಕ್ರವಾರ ನಾನೇ ಮಾಡಿ ಎಲ್ಲ ಹೇಳ್ತೀನಿ. ಬೇರೆ ದಿನ ಮಳೆ, ತೋಟದ ಮಾತಾಡೋಣ’ ಎಂದು ಮಗ ಹೇಳಿದ್ದೇ ತಾಯಿಗೂ ಸಮಾಧಾನ. ಸಂಜೆಯ ಕರೆ ಮತ್ತೆ ಸಂಜೆಯ ಕರೆಯಾಯಿತು.

ಶನಿವಾರ ಕಾಯ್ದಿಟ್ಟ ದಿನ. ವಾಕ್‌ಇನ್‌ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಮನೆಗೆ. ಭಾಗಗಳನ್ನು ವಿಂಗಡಿಸಿ ಕೊಡುವ ಥರ್ಡ್‌ ಪಾರ್ಟಿ ಇನ್‌ಸ್ಪೆಕ್ಷನ್‌ ಕೆಲಸ ದಿನಗೂಲಿಗೆ ಸಿಗುವುದುಂಟು. ಅದನ್ನು ವಾರಕ್ಕೆ ಒಂದೆರಡು ದಿನ ಮಾಡುವುದರಿಂದ ಹಣವೂ ಬರುತ್ತದೆ, ಕಾರ್ಖಾನೆಯ ಒಳಗೂ ಕಾಲಿಟ್ಟಂತಾಗುತ್ತದೆ. ಅಂಥ ವಾರದಲ್ಲಿ ಗುರುವಾರವನ್ನು ಬಿಡಬಹುದು. ಫೋನ್‌ ಕರೆಗಳನ್ನು ಬಿಡಬಾರದು. ಭಾನುವಾರ ಪೋರ್ಟಲ್‌ ಇಲ್ಲ, ಮೊಬೈಲ್‌ನಿಂದ ಆ್ಯಪನ್ನೇ ತೆಗೆದು ಲ್ಯಾಪ್‌ಟಾಪ್‌ನಲ್ಲಷ್ಟೇ ಇಟ್ಟುಕೊಂಡರೆ ಈ ನಿಯಮ ಪಾಲಿಸುವುದು ಸುಲಭ.

ಎಷ್ಟೇ ಅಚ್ಚುಕಟ್ಟಾದ ವಾರವೂ ಒಂದು ‘ಇಲ್ಲ’ದಿಂದ ಕುಸಿಯುತ್ತದೆ. ಮಿಷಿಗನ್‌ ವಿಶ್ವವಿದ್ಯಾಲಯದಲ್ಲಿ ರಿಚರ್ಡ್‌ ಪ್ರೈಸ್‌, ಅಮಿರಾಮ್‌ ವಿನೋಕುರ್‌ ಮೊದಲಾದವರು ರೂಪಿಸಿದ ‘ಜಾಬ್ಸ್‌’ ಎಂಬ ತರಬೇತಿಯಲ್ಲಿ ಇದಕ್ಕೇ ಒಂದು ಭಾಗವಿದೆ: ಯಾವ ಹಿನ್ನಡೆ ಬರಬಹುದು, ಬಂದಾಗ ಏನು ಮಾಡುತ್ತೇನೆ ಎಂಬುದನ್ನು ಮೊದಲೇ ಯೋಚಿಸಿಕೊಳ್ಳುವುದು. ಆ ತರಬೇತಿ ಪಡೆದವರು ಬೇಗ ಕೆಲಸ ಹಿಡಿದದ್ದಷ್ಟೇ ಅಲ್ಲ, ಖಿನ್ನತೆಯ ಅಪಾಯ ಹೆಚ್ಚಿದ್ದವರಲ್ಲಿ ಅದರ ಲಕ್ಷಣಗಳೂ ಕಡಿಮೆಯಾದವು. ಪೀಣ್ಯದ ಹಾಳೆಯ ಹಿಂಬದಿಯಲ್ಲಿ ಅದು ಎರಡು ಸಾಲಾಗಿತ್ತು. ಇಂಟರ್‌ವ್ಯೂ ತಪ್ಪಿದ ಸಂಜೆ ಹುಡುಕಾಟ ಇಲ್ಲ. ಮರುದಿನದ ಮೊದಲ ಕೆಲಸ, ಪಟ್ಟಿಯಲ್ಲಿ ಮಾತಾಡಲು ತುಂಬ ಸಲೀಸಾದ ಒಬ್ಬರಿಗೆ ಕರೆ.

ದಿನಚರಿ ಕೆಲಸ ಮಾಡುತ್ತಿಲ್ಲ ಎಂಬುದಕ್ಕೂ ಗುರುತುಗಳಿವೆ. ಅರ್ಜಿಗಳ ಸಂಖ್ಯೆ ಏರುತ್ತ ಕರೆಗಳ ಸಂಖ್ಯೆ ಸೊನ್ನೆಗೆ ಇಳಿಯುತ್ತದೆ. ಶುಕ್ರವಾರದ ಲೆಕ್ಕ ಎರಡು ವಾರ ಸತತವಾಗಿ ತಪ್ಪುತ್ತದೆ. ರಾತ್ರಿ ಪೋರ್ಟಲ್‌ ಮತ್ತೆ ತೆರೆದುಕೊಳ್ಳುತ್ತದೆ. ಆಗ 20 ಗಂಟೆಯನ್ನು ಹತ್ತಕ್ಕೆ ಇಳಿಸಿ, ಕರೆ ಮತ್ತು ಶುಕ್ರವಾರದ ತಿರುಗಾಟವನ್ನು ಮಾತ್ರ ಉಳಿಸಿಕೊಂಡು ಎರಡು ವಾರ ನಡೆಸಬೇಕು. ನಿದ್ದೆ, ಊಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ, ಮಗಳ ಜೊತೆ ಆಡುವುದೂ ಬೇಡವೆನಿಸಿದರೆ, ಬದುಕೇ ಬೇಡ ಎಂಬ ಯೋಚನೆ ಸುಳಿದರೆ ಅದು ಹಾಳೆಯಿಂದ ಬಗೆಹರಿಯುವುದಲ್ಲ. ಸರ್ಕಾರದ ಟೆಲಿ ಮನಸ್‌ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹನ್ನೊಂದನೇ ವಾರ ಕ್ಯಾಲಿಬ್ರೇಷನ್‌ ಹುಡುಗನ ಮೂಲಕ ಸಿಕ್ಕ ಹೆಸರೊಂದು ದಾಬಸ್‌ಪೇಟೆಯಲ್ಲಿ ಇಂಟರ್‌ವ್ಯೂವರೆಗೆ ತಂದಿತು, ಹನ್ನೆರಡನೇ ವಾರ ‘ನೀವು ಸೆಲೆಕ್ಟ್‌ ಆಗಿದ್ದೀರಿ’ ಎಂಬ ಫೋನ್‌ ಬಂತು ಎಂದಿಟ್ಟುಕೊಳ್ಳೋಣ. ತುಂಬ ಜನ ಹಾಳೆಯನ್ನು ಮಡಚಿಡುವುದು ಆ ದಿನ. ಬಾಯಿಮಾತಿನ ಆಫರ್‌ ಬಜೆಟ್‌ ಮಂಜೂರಾತಿಯಲ್ಲೋ ಗ್ರಾಹಕರ ಆರ್ಡರ್‌ ಮುಂದೂಡಿದ್ದಕ್ಕೋ ಸಿಕ್ಕಿಬಿದ್ದು ತಿಂಗಳುಗಟ್ಟಲೆ ತೂಗಾಡುವುದುಂಟು. ಅಷ್ಟರಲ್ಲಿ ಕಟ್ಟಿಕೊಂಡ ಸಂಪರ್ಕಗಳೆಲ್ಲ ತಣ್ಣಗಾಗಿರುತ್ತವೆ. ಸೇರುವ ತಾರೀಖು ಬರೆದ ಆಫರ್‌ ಲೆಟರ್‌ ಕೈಗೆ ಬರುವವರೆಗೆ ಸೋಮವಾರದ ಆರು ಆಯ್ಕೆ ಮೂರಕ್ಕೆ ಇಳಿಯಬಹುದು. ಮಂಗಳವಾರ, ಬುಧವಾರದ ನಾಲ್ಕು ಕರೆ ನಾಲ್ಕಾಗಿಯೇ ಇರಬೇಕು.